ಘಟ್ಟಕ್ಕೆ ತಾಗುವ ಹೊಗೆ

ಮಳೆಗಾಲ ಹಿಡಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಬೋರ್ಡೋ ದ್ರಾವಣ ಕೂಡಿಸುವ ಕೆಲಸ ನಡೆಯುತ್ತದೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ಕೊನೆಗೆ ಒಂದೇ ಡ್ರಮ್ಮಿಗೆ ಸುರಿದು ಕದಡುತ್ತಾರೆ. ಆಮೇಲೆ ಕಬ್ಬಿಣದ ಕತ್ತಿಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ದ್ರಾವಣದಲ್ಲಿ ಹುಳಿ ಇನ್ನೂ ಉಳಿದಿದೆ, ಮತ್ತಷ್ಟು ಸುಣ್ಣ ಬೇಕು ಎಂದರ್ಥ. ಹುಳಿ ಉಳಿದ ದ್ರಾವಣವನ್ನು ಕೊನೆಗೆ ಹೊಡೆದರೆ ಕಾಯಿಯೂ ಸುಡುತ್ತದೆ, ಸೋಗೆಯೂ ಸುಡುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಆಸುಪಾಸಿನಲ್ಲಿ ಕೊಳೆರೋಗಕ್ಕೆ ಈ ಮದ್ದನ್ನು ತೋರಿಸಿಕೊಟ್ಟರು. ಅಂದಿನಿಂದ ಇಂದಿನವರೆಗೂ ಮಲೆನಾಡಿನ ತೋಟಿಗರು ನೆಚ್ಚಿಕೊಂಡಿರುವುದು ಇದನ್ನೇ.

ಆ ಡ್ರಮ್ಮಿನೊಳಗೆ ನಡೆಯುವುದು ಸರಳ ರಸಾಯನ ಕ್ರಿಯೆ. ಮೈಲುತುತ್ತದಲ್ಲಿ ತಾಮ್ರದ ಜೊತೆಗಿದ್ದ ಸಲ್ಫೇಟ್, ಅಂದರೆ ಆಮ್ಲಜನಕ ಕೂಡಿದ ಗಂಧಕ, ಸುಣ್ಣದ ಕ್ಯಾಲ್ಸಿಯಂ ಸಿಕ್ಕ ಕೂಡಲೇ ಅದಕ್ಕೆ ಅಂಟಿಕೊಂಡು ಜಿಪ್ಸಂ ಆಗುತ್ತದೆ. ತಾಮ್ರ ನೀಲಿ ಕೆನೆಯಾಗಿ ಬೇರೆಯಾಗುತ್ತದೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಹೊಗೆಯಿಂದ ಗಂಧಕವನ್ನು ಹಿಡಿಯುವ ‘ಸ್ಕ್ರಬ್ಬರ್’ ಎಂಬ ಭಾರೀ ಗೋಪುರದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ: ಗಂಧಕದ ಹುಳಿಗೆ ಸುಣ್ಣ ಕೊಟ್ಟು ಜಿಪ್ಸಂ ಮಾಡುವುದು. ಅಲ್ಲಿ ಕತ್ತಿಯ ಬದಲು ಪಿಎಚ್ ಮಾಪಕ ಇರುತ್ತದೆ, ಅಷ್ಟೇ.

ಈ ಮೂರು ತಾಲೂಕುಗಳಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರ ಒಂದೂ ಇಲ್ಲ. ಆದರೆ ಅವುಗಳ ಬುಡದಲ್ಲೇ, ಅಘನಾಶಿನಿ ಸಮುದ್ರ ಸೇರುವ ತದಡಿಯಲ್ಲಿ, ದೇಶದ ಅತಿ ದೊಡ್ಡ ಸ್ಥಾವರಗಳಲ್ಲೊಂದು ಬರಬೇಕಿತ್ತು. ಕೇಂದ್ರ ಸರ್ಕಾರ 2000ದ ದಶಕದ ಮಧ್ಯದಲ್ಲಿ ಕೈಗೆತ್ತಿಕೊಂಡ 4000 ಮೆಗಾವಾಟ್‌ಗಳ ‘ಅಲ್ಟ್ರಾ ಮೆಗಾ’ ಯೋಜನೆಗಳ ಪಟ್ಟಿಯಲ್ಲಿ ತದಡಿಯ ಹೆಸರಿತ್ತು. ಹಡಗಿನಲ್ಲಿ ವಿದೇಶಿ ಕಲ್ಲಿದ್ದಲು ತಂದು ಅಲ್ಲೇ ಉರಿಸುವುದು ಲೆಕ್ಕಾಚಾರ. ಮೀನುಗಾರರು, ರೈತರು, ಪರಿಸರ ಸಂಘಟನೆಗಳು ವಿರೋಧಿಸಿದರು. ಯೋಜನೆ ಮುಂದೆ ಹೋಗಲಿಲ್ಲ. ಆ ಅಳಿವೆ ಈಗ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಯಲ್ಲಿದೆ. ಸ್ಥಾವರ ಬಂದಿದ್ದರೆ ಅದರ ಹೊಗೆಯಲ್ಲಿನ ಗಂಧಕ ಎಲ್ಲಿಗೆ ಹೋಗುತ್ತಿತ್ತು, ಎಷ್ಟು ಹೋಗುತ್ತಿತ್ತು, ಅದನ್ನು ಹಿಡಿಯಲು ಏನೇನು ಬೇಕಾಗುತ್ತಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಗಂಧಕದ ವಿಷಯವೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕಲ್ಲಿದ್ದಲಿನೊಳಗಿನ ಗಂಧಕ

ಕಲ್ಲಿದ್ದಲು ಒಂದು ಕಾಲದ ಗಿಡಮರ. ಗಿಡಮರಗಳಲ್ಲಿ ಗಂಧಕ ಇದ್ದೇ ಇರುತ್ತದೆ, ಸ್ವಲ್ಪ. ಹೂತ ಕಾಡಿನ ಮೇಲೆ ಸಮುದ್ರದ ನೀರು ಏರಿ ಬಂದಿದ್ದರೆ ಗಂಧಕ ಹೆಚ್ಚುತ್ತದೆ, ಏಕೆಂದರೆ ಸಮುದ್ರದಲ್ಲಿ ಸಲ್ಫೇಟ್ ಯಥೇಚ್ಛವಾಗಿದೆ. ಅದಕ್ಕೇ ಅಸ್ಸಾಂ, ಮೇಘಾಲಯದ ಕಲ್ಲಿದ್ದಲಿನಲ್ಲಿ ಶೇ. 2ರಿಂದ 7ರವರೆಗೂ ಗಂಧಕ ಸಿಗುತ್ತದೆ. ರಾಯಚೂರು, ಬಳ್ಳಾರಿಯ ಸ್ಥಾವರಗಳಿಗೆ ಬರುವ ಸಿಂಗರೇಣಿ, ಮಹಾನದಿ ಕಡೆಯ ಗೊಂಡ್ವಾನ ಕಲ್ಲಿದ್ದಲು ಒಳನಾಡಿನ ಸಿಹಿನೀರಿನ ಜೌಗುಗಳಲ್ಲಿ ಹುಟ್ಟಿದ್ದು. ಅದರಲ್ಲಿ ಬೂದಿ ಶೇ. 35ರಿಂದ 45ರಷ್ಟು ಇದ್ದರೂ ಗಂಧಕ ಸಾಮಾನ್ಯವಾಗಿ ಅರ್ಧ ಪರ್ಸೆಂಟಿನ ಆಸುಪಾಸು.

ಈ ಗಂಧಕ ಮುಖ್ಯವಾಗಿ ಎರಡು ರೂಪದಲ್ಲಿ ಅಡಗಿರುತ್ತದೆ. ಒಂದು, ಕಬ್ಬಿಣದ ಜೊತೆ ಸೇರಿದ ಪೈರೈಟ್, ಹಿತ್ತಾಳೆಯ ಬಣ್ಣದಲ್ಲಿ ಹೊಳೆಯುವ ಕಣಗಳು. ಇದು ಕಲ್ಲಿದ್ದಲಿಗಿಂತ ಭಾರ, ಹಾಗಾಗಿ ಪುಡಿ ಮಾಡಿ ತೊಳೆದರೆ ಒಂದಷ್ಟು ಬೇರೆಯಾಗುತ್ತದೆ. ಇನ್ನೊಂದು, ಇಂಗಾಲದ ಅಣುಗಳಿಗೇ ಹೆಣೆದುಕೊಂಡ ಸಾವಯವ ಗಂಧಕ. ಇದನ್ನು ಎಷ್ಟು ತೊಳೆದರೂ ತೆಗೆಯಲಾಗದು. ಉರಿಸಿದ ಮೇಲೆ ಹೊಗೆಯಲ್ಲೇ ಹಿಡಿಯಬೇಕು.

ಫರ್ನೇಸ್ ಆಯಿಲ್‌ನಲ್ಲಿ ಗಂಧಕದ ಕಾಟ ಇನ್ನೂ ಹೆಚ್ಚು. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಎಲ್ಲ ಬಸಿದುಕೊಂಡ ಮೇಲೆ ತಳದಲ್ಲಿ ಉಳಿಯುವ ಕಪ್ಪು ಮಂದ ಎಣ್ಣೆ ಇದು. ಗಂಧಕ ಭಾರವಾದ ಅಣುಗಳಲ್ಲೇ ಹೆಚ್ಚು ಸೇರಿಕೊಂಡಿರುವುದರಿಂದ ಕಚ್ಚಾ ತೈಲದ ಗಂಧಕದಲ್ಲಿ ದೊಡ್ಡ ಪಾಲು ಈ ಗಸಿಗೆ ಬಂದು ಕೂರುತ್ತದೆ. ಫರ್ನೇಸ್ ಆಯಿಲ್‌ನಲ್ಲಿ ಶೇ. 3.5ರಷ್ಟು ಗಂಧಕ ಇರುವುದು ಸಾಮಾನ್ಯ. ಸಮನಾದ ಶಾಖಕ್ಕೆ ಹೋಲಿಸಿದರೂ ಇದು ಅರ್ಧ ಪರ್ಸೆಂಟ್ ಗಂಧಕದ ಕಲ್ಲಿದ್ದಲಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಗಂಧಕ ಬಿಡುತ್ತದೆ. ಇದನ್ನು ನೋಡಿಯೇ ಸುಪ್ರೀಂ ಕೋರ್ಟ್ 2017ರಲ್ಲಿ ದೆಹಲಿಯ ಸುತ್ತಲಿನ ರಾಜ್ಯಗಳಲ್ಲಿ ಫರ್ನೇಸ್ ಆಯಿಲ್ ಮತ್ತು ಪೆಟ್‌ಕೋಕ್ ಬಳಕೆಯನ್ನು ನಿಷೇಧಿಸಿತು. ಹಡಗುಗಳ ಇಂಧನದಲ್ಲಿ 3.5 ಪರ್ಸೆಂಟ್‌ವರೆಗೆ ಇದ್ದ ಗಂಧಕದ ಮಿತಿ 2020ರ ಜನವರಿ 1ರಿಂದ ಜಗತ್ತಿನಾದ್ಯಂತ 0.5 ಪರ್ಸೆಂಟಿಗೆ ಇಳಿಯಿತು. ಕಲ್ಲಿದ್ದಲಿನ ಸ್ಥಾವರಗಳಲ್ಲೂ ಈ ಮಂದ ಎಣ್ಣೆಗೆ ಕೆಲಸವಿದೆ: ತಣ್ಣಗಿರುವ ಬಾಯ್ಲರ್ ಹೊತ್ತಿಸಲು, ಬೆಂಕಿ ನಂದುವಂತಾದಾಗ ಎತ್ತಿ ಹಿಡಿಯಲು ಮೊದಲು ಎಣ್ಣೆಯನ್ನೇ ಉರಿಸುತ್ತಾರೆ.

ಒಂದು ಕಿಲೋ ಕಲ್ಲಿದ್ದಲು, ಒಂದು ಗುಂಟೆ ತೋಟ

ಮಾಲಿನ್ಯವೇ ಇಲ್ಲದ ಜಾಗದಲ್ಲೂ ಮಳೆನೀರು ತುಸು ಹುಳಿಯೇ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿ ಪಿಎಚ್ 5.6ರ ಸುತ್ತ ನಿಲ್ಲುತ್ತದೆ. ಪಿಎಚ್ ಅಂಕಿ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಅದು 5ಕ್ಕಿಂತ ಕೆಳಗಿಳಿದು 4.5, 4 ಎಂದು ಬರತೊಡಗಿದರೆ ಅದೇ ಆಮ್ಲ ಮಳೆ.

ಅರ್ಧ ಪರ್ಸೆಂಟ್ ಗಂಧಕ ಎಂದರೆ ಕೇಳಲು ಏನೂ ಅಲ್ಲ. ಒಂದು ಕಿಲೋ ಕಲ್ಲಿದ್ದಲಿನಲ್ಲಿ 5 ಗ್ರಾಂ. ಉರಿದಾಗ ಅದು ತನ್ನಷ್ಟೇ ತೂಕದ ಆಮ್ಲಜನಕ ಸೇರಿಸಿಕೊಂಡು 10 ಗ್ರಾಂ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಗಾಳಿಯಲ್ಲಿ, ಮುಖ್ಯವಾಗಿ ಮೋಡದ ಹನಿಗಳೊಳಗೆ, ಅದು ಮತ್ತಷ್ಟು ಆಮ್ಲಜನಕ ಮತ್ತು ನೀರು ಹಿಡಿದು ಸುಮಾರು 15 ಗ್ರಾಂ ಗಂಧಕಾಮ್ಲವಾಗುತ್ತದೆ. ಈ 15 ಗ್ರಾಂ ಪೂರ್ತಿಯಾಗಿ ಮಳೆಯಲ್ಲಿ ಇಳಿದರೆ, ಅದನ್ನು ತಣಿಸುವ ಧೂಳು ಗಾಳಿಯಲ್ಲಿ ಇಲ್ಲದಿದ್ದರೆ, ಸುಮಾರು 10 ಸಾವಿರ ಲೀಟರ್ ಮಳೆನೀರಿನ ಪಿಎಚ್ಚನ್ನು 5.6ರಿಂದ 4.5ಕ್ಕೆ ತರಲು ಸಾಕು. ಒಂದು ಗುಂಟೆ ತೋಟದ ಮೇಲೆ 10 ಸೆಂ.ಮೀ. ಮಳೆ ಬಿದ್ದರೆ ಆಗುವ ನೀರು ಅಷ್ಟೇ. ಆಷಾಢದಲ್ಲಿ ಸಿದ್ದಾಪುರದ ಕಡೆ ಜೋರು ಹಿಡಿದರೆ ಒಂದೇ ದಿನಕ್ಕೆ ಅಷ್ಟು ಸುರಿಯುತ್ತದೆ.

ಭಾರತದ ಬಹುಭಾಗದಲ್ಲಿ ಇಷ್ಟು ಕಲ್ಲಿದ್ದಲು ಉರಿದರೂ ಆಮ್ಲ ಮಳೆ ಯುರೋಪಿನಂತೆ ಕಾಡದಿರುವುದಕ್ಕೆ ಆ ಧೂಳೇ ಕಾರಣ. ಬಯಲುಸೀಮೆಯ, ಉತ್ತರದ ಮೈದಾನಗಳ ಮಣ್ಣಿನ ಧೂಳಿನಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್ ಇದೆ, ಅದು ಆಕಾಶದಲ್ಲೇ ಹುಳಿಯನ್ನು ಮುರಿಯುತ್ತದೆ. ಘಟ್ಟದಲ್ಲಿ ಆ ರಕ್ಷೆ ತೆಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬರುವುದು ಅರಬ್ಬಿ ಸಮುದ್ರದ ಮೇಲಿನಿಂದ, ಬಯಲುಸೀಮೆಯ ಧೂಳು ತರುವ ದಿಕ್ಕೇ ಅಲ್ಲ. ಇದ್ದಷ್ಟು ಧೂಳೂ ಮೊದಲ ವಾರದ ಮಳೆಗೇ ತೊಳೆದುಹೋಗುತ್ತದೆ. ಇನ್ನು ಮಣ್ಣು. ಜಂಬಿಟ್ಟಿಗೆ ನೆಲದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಸಾವಿರಾರು ವರ್ಷಗಳ ಮಳೆ ಹೊತ್ತೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿವೆ. ಮಣ್ಣು ಮೊದಲೇ ಹುಳಿ. ತೋಟಕ್ಕೆ ಸುಣ್ಣ ಹಾಕುವ ರೂಢಿ ಬಂದಿರುವುದು ಇದಕ್ಕೇ. ಹುಳಿ ಇನ್ನೂ ಏರಿದರೆ ಕರಗದೆ ಕೂತಿದ್ದ ಅಲ್ಯೂಮಿನಿಯಂ ಕರಗಿ ಎಳೆಯ ಬೇರುಗಳನ್ನು ಮೊಂಡು ಮಾಡುತ್ತದೆ. ವರ್ಷ ವರ್ಷ ಬೋರ್ಡೋ ಹೊಡೆದ ತೋಟದ ಮಣ್ಣಿನಲ್ಲಿ ತಾಮ್ರವೂ ಸೇರಿಕೊಂಡಿರುತ್ತದೆ, ಹುಳಿ ನೆಲದಲ್ಲಿ ಅದೂ ಹೆಚ್ಚು ಕರಗುತ್ತದೆ. ಕೊನೆಯ ಮೇಲೆ ಕೂತ ಬೋರ್ಡೋ ಪದರಕ್ಕೂ ಇದೇ ಗತಿ: ಹುಳಿ ಮಳೆಯಲ್ಲಿ ತಾಮ್ರ ಬೇಗ ಕರಗಿ ಇಳಿಯುತ್ತದೆ. ಅಂದರೆ ಮದ್ದಿನ ಬಾಳಿಕೆಯೂ ಕಡಿಮೆ, ಕಾಯಿ ಸುಡುವ ಅಪಾಯವೂ ಹೆಚ್ಚು.

ಚಿಮಣಿ ಎತ್ತರವಾದರೆ ಸಾಕೇ?

ಗಂಧಕಕ್ಕೆ ಜಗತ್ತು ಮೊದಲು ಕಂಡುಕೊಂಡ ಪರಿಹಾರ ಚಿಮಣಿಯನ್ನು ಎತ್ತರಿಸುವುದು. ಹೊಗೆ ಮೇಲಕ್ಕೆ ಹೋದಷ್ಟೂ ಹರಡಿಕೊಳ್ಳುತ್ತದೆ, ಬುಡದ ಊರಿನಲ್ಲಿ ಉಸಿರಾಟಕ್ಕೆ ತೊಂದರೆ ಕಡಿಮೆಯಾಗುತ್ತದೆ. ಬ್ರಿಟನ್, ಜರ್ಮನಿಗಳು ಹಾಗೇ ಮಾಡಿದವು. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೆನ್, ತಮ್ಮ ದೇಶದ ಕೆರೆಗಳು ಹುಳಿಯಾಗಿ ಮೀನು ಸಾಯುತ್ತಿರುವುದಕ್ಕೂ ನೂರಾರು ಕಿಲೋಮೀಟರ್ ಆಚೆಯ ಆ ದೇಶಗಳ ಹೊಗೆಗೂ ಇರುವ ನಂಟನ್ನು ಮುಂದಿಟ್ಟರು. ಚಿಮಣಿ ಗಂಧಕವನ್ನು ಕಳೆಯುವುದಿಲ್ಲ, ದೂರ ಕಳಿಸುತ್ತದೆ ಎಂಬುದು ಆಗ ಎಲ್ಲರಿಗೂ ಕಂಡಿತು.

ತದಡಿಯ ನಕ್ಷೆಯನ್ನು ಈ ಬೆಳಕಿನಲ್ಲಿ ನೋಡಬೇಕು. ದೊಡ್ಡ ಸ್ಥಾವರಗಳಿಗೆ ನಮ್ಮಲ್ಲಿ ಕಟ್ಟಿಸುವ ಚಿಮಣಿಯ ಎತ್ತರ 275 ಮೀಟರ್. ಬಯಲಿನಲ್ಲಿ ಅದು ಭಾರೀ ಎತ್ತರವೇ. ಆದರೆ ತದಡಿ ಇರುವುದು ಸಮುದ್ರ ಮಟ್ಟದಲ್ಲಿ. ಅಲ್ಲಿಂದ ಶಿರಸಿ ಗೆರೆ ಎಳೆದಂತೆ ಸುಮಾರು 50 ಕಿ.ಮೀ., ಸಿದ್ದಾಪುರ ಮತ್ತು ಯಲ್ಲಾಪುರ ತಲಾ 60 ಕಿ.ಮೀ. ಮೂರೂ ಊರುಗಳು ಸಮುದ್ರ ಮಟ್ಟದಿಂದ 500 ಮೀಟರಿಗಿಂತ ಮೇಲಿವೆ. ಚಿಮಣಿಯ ಬಾಯಿ ಶಿರಸಿಯ ಪೇಟೆಗಿಂತ ಸುಮಾರು ಮುನ್ನೂರು ಮೀಟರ್ ಕೆಳಗಿರುತ್ತಿತ್ತು! ಬಿಸಿ ಹೊಗೆ ಚಿಮಣಿಯಿಂದ ಇನ್ನೂ ನೂರಾರು ಮೀಟರ್ ಏರುತ್ತದೆ ನಿಜ. ಏರಿ ನಿಲ್ಲುವುದು ಘಟ್ಟದ ನೆತ್ತಿಯ ಸಮಕ್ಕೆ. ಮಳೆಗಾಲದ ಪಡುವಣ ಗಾಳಿ ಅದನ್ನು ನೇರ ಆ ಗೋಡೆಗೆ ತಳ್ಳುತ್ತದೆ.

ಗೋಡೆಗೆ ತಾಗಿದ ಗಾಳಿ ಮೇಲೇರಿ ತಣಿದು ಮೋಡವಾಗುತ್ತದೆ. ಘಟ್ಟಕ್ಕೆ ಅಷ್ಟು ಮಳೆ ಬರುವುದೇ ಈ ಕಾರಣಕ್ಕೆ. ಸಲ್ಫರ್ ಡೈಆಕ್ಸೈಡ್ ಗಂಧಕಾಮ್ಲವಾಗಲು ಬೇಕಾದ ಮೋಡದ ಹನಿ, ಆ ಆಮ್ಲವನ್ನು ಕೆಳಗಿಳಿಸುವ ಮಳೆ, ಎರಡೂ ಒಂದೇ ಕಡೆ ಸಿದ್ಧವಾಗಿರುತ್ತವೆ. ಕಾಡಿನ ಎಲೆಗಳಿಗೆ ಒರೆಸಿಕೊಂಡು ಹೋಗುವ ಮಂಜಿನ ಹನಿಯಲ್ಲಿ ಆಮ್ಲ ಮಳೆಹನಿಗಿಂತ ಹೆಚ್ಚು ಗಟ್ಟಿಯಾಗಿರುತ್ತದೆ, ಏಕೆಂದರೆ ಅಷ್ಟೇ ಹುಳಿ ಕಡಿಮೆ ನೀರಿನಲ್ಲಿರುತ್ತದೆ. ಉಂಚಳ್ಳಿ, ಮಾಗೋಡಿನ ಕಣಿವೆಗಳ ಕಾಡು ಮಳೆಗಾಲದ ಬಹುಪಾಲು ದಿನಗಳನ್ನು ಇಂಥ ಮಂಜಿನೊಳಗೇ ಕಳೆಯುತ್ತದೆ. ಬಯಲಿನಲ್ಲಿ ಹೊಗೆಯನ್ನು ಹಗುರ ಮಾಡುವ ಉಪಾಯ ಇಲ್ಲಿ ಅದನ್ನು ಒಂದೇ ಇಳಿಜಾರಿಗೆ ಗುರಿಯಿಟ್ಟು ಸುರಿಯುವಂತಾಗುತ್ತದೆ. ಹಾಗಾಗಿ ಈ ಕರಾವಳಿಯಲ್ಲಿ ಕಲ್ಲಿದ್ದಲು ಉರಿಸುವುದಾದರೆ ಗಂಧಕವನ್ನು ಚಿಮಣಿಗೆ ಹೋಗುವ ಮುನ್ನವೇ ಹಿಡಿಯದೆ ದಾರಿಯಿಲ್ಲ.

ಗೋಪುರದ ಒಳಗೆ

ಕರ್ನಾಟಕದ ಕರಾವಳಿಯಲ್ಲಿ ಅಂಥ ಒಂದು ಸ್ಥಾವರ ಕೆಲಸ ಮಾಡುತ್ತಿದೆ. ಉಡುಪಿ ಜಿಲ್ಲೆಯ ಎಲ್ಲೂರು–ನಂದಿಕೂರಿನ ಸ್ಥಾವರದಲ್ಲಿ ತಲಾ 600 ಮೆಗಾವಾಟಿನ ಎರಡು ಘಟಕಗಳಿವೆ. 2010 ಮತ್ತು 2012ರಲ್ಲಿ ಶುರುವಾದ ಇವು ವಿದೇಶಿ ಕಲ್ಲಿದ್ದಲಿನಿಂದ ನಡೆಯುತ್ತವೆ. ದೇಶದಲ್ಲಿ ಗಂಧಕ ಹಿಡಿಯುವ ವ್ಯವಸ್ಥೆ ಹಾಕಿಸಿಕೊಂಡ ಮೊದಲ ಕೆಲವೇ ಸ್ಥಾವರಗಳಲ್ಲಿ ಇದೂ ಒಂದು. ಲೆಕ್ಕಕ್ಕೆ ಅಂಥದ್ದೇ ಅಳತೆಯ 600 ಮೆಗಾವಾಟಿನ ಒಂದು ಘಟಕವನ್ನು ತೆಗೆದುಕೊಳ್ಳಬಹುದು.

ಪೂರ್ಣ ಹೊರೆಯಲ್ಲಿ ಓಡಿದರೆ ಅದಕ್ಕೆ ದಿನಕ್ಕೆ ಸುಮಾರು 6000 ಟನ್ ಕಲ್ಲಿದ್ದಲು ಬೇಕು. ಗಂಧಕ ಅರ್ಧ ಪರ್ಸೆಂಟ್ ಎಂದಿಟ್ಟುಕೊಂಡರೆ 30 ಟನ್ ಗಂಧಕ, ಅಂದರೆ 60 ಟನ್ ಸಲ್ಫರ್ ಡೈಆಕ್ಸೈಡ್. ಹೊಗೆಯ ಪ್ರಮಾಣ ಗಂಟೆಗೆ 20 ಲಕ್ಷ ಘನ ಮೀಟರಿಗಿಂತ ಹೆಚ್ಚು. ಪ್ರತಿ ಘನ ಮೀಟರಿನಲ್ಲಿ 1200 ಮಿಲಿಗ್ರಾಂ ಆಸುಪಾಸು ಸಲ್ಫರ್ ಡೈಆಕ್ಸೈಡ್ ಇರುತ್ತದೆ. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್ 7ರಂದು ಹೊರಡಿಸಿದ ನಿಯಮ, 2017ಕ್ಕೆ ಮುಂಚಿನ ದೊಡ್ಡ ಘಟಕಗಳಿಗೆ ಇದನ್ನು 200 ಮಿಲಿಗ್ರಾಂಗೆ, ಆಮೇಲಿನ ಹೊಸ ಘಟಕಗಳಿಗೆ 100 ಮಿಲಿಗ್ರಾಂಗೆ ಇಳಿಸಬೇಕೆಂದಿತು. ‘ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ’ ಎಂಬ ಮಾತು ನಿಜವೇ ಆದರೂ, ಈ ಮಿತಿಗೆ ಬರಲು ಹೊಗೆಯಲ್ಲಿನ ಗಂಧಕದ ಆರರಲ್ಲಿ ಐದು ಪಾಲನ್ನಾದರೂ ಹಿಡಿಯಬೇಕಾಗುತ್ತದೆ.

ಹೆಚ್ಚು ಬಳಕೆಯಲ್ಲಿರುವುದು ಸುಣ್ಣದಕಲ್ಲಿನ ಒದ್ದೆ ಪದ್ಧತಿ. ಬಾಯ್ಲರಿನಿಂದ ಬಂದ ಹೊಗೆಯ ಬೂದಿಯನ್ನು ಮೊದಲು ವಿದ್ಯುತ್ ಸೆಳೆತದಿಂದ ಬೂದಿ ಹಿಡಿಯುವ ಇಎಸ್‌ಪಿ ಯಂತ್ರ ತೆಗೆಯುತ್ತದೆ. 130 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಹೊಗೆ ಗೋಪುರದ ನಡುವಿನಿಂದ ಒಳನುಗ್ಗಿ ಮೇಲೇರುತ್ತದೆ. ಎದುರಿಗೆ, ಮೇಲಿನ ಮೂರು ನಾಲ್ಕು ಅಂತಸ್ತುಗಳಲ್ಲಿ ಸಾಲಾಗಿ ಜೋಡಿಸಿದ ನಾಜಲ್‌ಗಳಿಂದ ಸುಣ್ಣದಕಲ್ಲಿನ ಸ್ಲರಿ ಸುರಿಯುತ್ತಿರುತ್ತದೆ. ಕಲ್ಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು ನೀರಿನಲ್ಲಿ ಕಲಸಿದ್ದು ಅದು. ಹೊಗೆ ಕ್ಷಣಮಾತ್ರದಲ್ಲಿ 50 ಡಿಗ್ರಿ ಸುತ್ತಕ್ಕೆ ತಣಿಯುತ್ತದೆ, ಸಲ್ಫರ್ ಡೈಆಕ್ಸೈಡ್ ಹನಿಗಳಲ್ಲಿ ಕರಗುತ್ತದೆ. ಹೊಗೆ ಒಳಗಿರುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಕೆಲಸ ಮುಗಿಯಬೇಕೆಂದರೆ ಪಂಪುಗಳು ಗಂಟೆಗೆ ಎರಡು ಮೂರು ಕೋಟಿ ಲೀಟರ್ ಸ್ಲರಿಯನ್ನು ತಳದಿಂದ ಎತ್ತಿ ಎತ್ತಿ ಮತ್ತೆ ಮತ್ತೆ ಸುರಿಯಬೇಕು.

ತಳದ ತೊಟ್ಟಿಯಲ್ಲಿ ಎರಡನೆಯ ಹಂತ. ಹುಳಿಯಾದ ಸ್ಲರಿಯಲ್ಲಿ ಸುಣ್ಣದಕಲ್ಲು ಕರಗಿ ಮೊದಲು ಕ್ಯಾಲ್ಸಿಯಂ ಸಲ್ಫೈಟ್ ಆಗುತ್ತದೆ. ಸಲ್ಫೈಟ್ ಕೆಸರು ಬಹಳ ಕಾಟ ಕೊಡುವ ವಸ್ತು. ನೀರು ಬಿಡುವುದಿಲ್ಲ, ಅರೆಬರೆ ಬದಲಾದರೆ ನಾಜಲ್, ಪೈಪುಗಳ ಒಳಗೆ ಕಲ್ಲಿನಂತೆ ಗಟ್ಟಿ ಕೂರುತ್ತದೆ. 1970ರ ದಶಕದ ಅಮೆರಿಕದ ಸ್ಕ್ರಬ್ಬರ್‌ಗಳು ಪದೇ ಪದೇ ಕಟ್ಟಿಕೊಳ್ಳುತ್ತಿದ್ದುದು ಇದರಿಂದಲೇ. ಪರಿಹಾರವಾಗಿ ಈಗ ತೊಟ್ಟಿಯ ತಳಕ್ಕೆ ದೊಡ್ಡ ಬ್ಲೋಯರ್‌ಗಳಿಂದ ಗಾಳಿ ಊದುತ್ತಾರೆ. ಗಾಳಿಯ ಆಮ್ಲಜನಕ ಸಲ್ಫೈಟನ್ನು ಪೂರ್ತಿ ಸಲ್ಫೇಟ್ ಮಾಡುತ್ತದೆ. ಅದು ಜಿಪ್ಸಂ ಹರಳಾಗಿ ಬೆಳೆಯುತ್ತದೆ. ಹರಳುಗಳನ್ನು ಸೋಸಿ, ನಿರ್ವಾತದ ಬೆಲ್ಟಿನ ಮೇಲೆ ನೀರು ಹೀರಿ ತೆಗೆದರೆ ಒದ್ದೆ ಮರಳಿನಂಥ ಜಿಪ್ಸಂ ಸಿಗುತ್ತದೆ. ನಮ್ಮ ಲೆಕ್ಕದ ಘಟಕ 60 ಟನ್ನಿನಲ್ಲಿ 57 ಟನ್ ಹಿಡಿದರೆ ದಿನಕ್ಕೆ ಸುಮಾರು 95 ಟನ್ ಸುಣ್ಣದಕಲ್ಲು ಬೇಕು, 150 ಟನ್ ಜಿಪ್ಸಂ ಹುಟ್ಟುತ್ತದೆ. ಚೊಕ್ಕಟವಾಗಿದ್ದರೆ ಸಿಮೆಂಟ್ ಕಾರ್ಖಾನೆಗಳು ಕೊಳ್ಳುತ್ತವೆ. ಬೂದಿ ಬೆರೆತು ಕಪ್ಪಾದರೆ ಅದು ರಾಶಿ ಬೀಳುವ ಕಸ.

ಇಡೀ ಆಟ ನಿಂತಿರುವುದು ಸ್ಲರಿಯ ಪಿಎಚ್ ಮೇಲೆ. ಅದು 5.2ರಿಂದ 5.8ರ ಒಳಗೆ ಇರಬೇಕು. ಇಳಿದರೆ ಸಲ್ಫರ್ ಡೈಆಕ್ಸೈಡ್ ಕರಗದೆ ಚಿಮಣಿಗೆ ಹೋಗುತ್ತದೆ. ಏರಿದರೆ ಸುಣ್ಣದಕಲ್ಲು ಕರಗದೆ ದಂಡವಾಗಿ ಜಿಪ್ಸಂಗೆ ಸೇರುತ್ತದೆ. ಬೋರ್ಡೋ ಡ್ರಮ್ಮಿನಲ್ಲಿ ಸುಟ್ಟ ಸುಣ್ಣ ಬಳಸುವುದರಿಂದ ಹದಕ್ಕೆ ಬರುವುದು ಸುಲಭ, ಇಲ್ಲಿ ಅಗ್ಗದ ಕಚ್ಚಾ ಕಲ್ಲನ್ನೇ ಬಳಸುವುದರಿಂದ ಕಲ್ಲು ಕರಗಲು ಹುಳಿ ಸ್ವಲ್ಪ ಉಳಿಯಲೇಬೇಕು.

ಕೆಡುವುದು ಹೇಗೆ? ನಿಯಂತ್ರಣ ಕೊಠಡಿಯವರು ಹೆದರುವ ಒಂದು ಲಕ್ಷಣವಿದೆ. ಪಿಎಚ್ ಇಳಿಯುತ್ತದೆ. ರೂಢಿಯಂತೆ ಸುಣ್ಣದಕಲ್ಲು ಹೆಚ್ಚಿಸುತ್ತಾರೆ. ಪಿಎಚ್ ಏರುವುದಿಲ್ಲ. ಇನ್ನೂ ಹೆಚ್ಚಿಸುತ್ತಾರೆ, ಆಗಲೂ ಏರುವುದಿಲ್ಲ, ಚಿಮಣಿಯ ಮಾಪಕದಲ್ಲಿ ಸಲ್ಫರ್ ಡೈಆಕ್ಸೈಡ್ ಮಾತ್ರ ಏರುತ್ತಾ ಹೋಗುತ್ತದೆ. ತೊಟ್ಟಿಯಲ್ಲಿ ಬೇಕಾದಷ್ಟು ಕಲ್ಲಿದೆ, ಕರಗುತ್ತಿಲ್ಲ. ಕಾರಣ ಹುಡುಕುತ್ತಾ ಹೋದರೆ ಸಾಮಾನ್ಯವಾಗಿ ಸಿಗುವುದು ಇಎಸ್‌ಪಿಯ ದೋಷ. ಅದು ಸರಿಯಾಗಿ ಕೆಲಸ ಮಾಡದೆ ಬೂದಿ ಗೋಪುರಕ್ಕೆ ನುಗ್ಗಿದರೆ, ಬೂದಿಯ ಅಲ್ಯೂಮಿನಿಯಂ ಮತ್ತು ಹೊಗೆಯ ಫ್ಲೋರೈಡ್ ಸೇರಿ ಕಲ್ಲಿನ ಪ್ರತಿ ಕಣದ ಮೇಲೂ ತೆಳು ಪೊರೆ ಕಟ್ಟುತ್ತವೆ. ಹೆಚ್ಚು ಬೂದಿಯ ಭಾರತೀಯ ಕಲ್ಲಿದ್ದಲಿಗೆ ಈ ಅಪಾಯ ಹೆಚ್ಚು. ಬಾಯ್ಲರ್ ಹೊತ್ತಿಸುವಾಗ ಪೂರ್ತಿ ಉರಿಯದ ಫರ್ನೇಸ್ ಆಯಿಲ್ ಮತ್ತು ಮಸಿ ಸ್ಲರಿಗೆ ಸೇರಿದರೂ ಇಂಥದ್ದೇ ಕೇಡು, ಜೊತೆಗೆ ನೊರೆ. ಇದನ್ನು ತಪ್ಪಿಸಲು ಹಳೆಯ ವಿನ್ಯಾಸಗಳಲ್ಲಿ ಗೋಪುರವನ್ನು ಬಳಸದೆ ಹೊಗೆಯನ್ನು ನೇರ ಚಿಮಣಿಗೆ ಬಿಡುವ ಅಡ್ಡದಾರಿಯೊಂದನ್ನು ಇಟ್ಟಿರುತ್ತಾರೆ. ಅಡ್ಡದಾರಿ ಎಷ್ಟು ಹೊತ್ತು ತೆರೆದಿತ್ತು ಎಂಬ ದಾಖಲೆ ನೋಡದೆ ಸ್ಕ್ರಬ್ಬರ್ ಇದೆ ಎಂಬ ಮಾತನ್ನಷ್ಟೇ ನಂಬುವಂತಿಲ್ಲ.

ನೀರಿನ ಖರ್ಚು ಇನ್ನೊಂದು ಮಿತಿ. 130 ಡಿಗ್ರಿಯ ಹೊಗೆಯನ್ನು ತಣಿಸಲು ಒಂದು ಘಟಕದಲ್ಲಿ ಗಂಟೆಗೆ ಒಂದು ಲಕ್ಷ ಲೀಟರಿಗೆ ಹತ್ತಿರ ನೀರು ಆವಿಯಾಗಿ ಹೋಗುತ್ತದೆ. ಸಮುದ್ರದ ನೀರನ್ನು ಇದಕ್ಕೆ ಸುರಿದರೆ ಉಪ್ಪಿನ ಕ್ಲೋರೈಡ್ ಗಟ್ಟಿಯಾಗುತ್ತಾ ಉಕ್ಕನ್ನೇ ತಿನ್ನುತ್ತದೆ, ಜಿಪ್ಸಂ ಹಾಳಾಗುತ್ತದೆ. ಹಾಗಾಗಿ ಸಿಹಿನೀರೇ ಬೇಕು. ಸಮುದ್ರದ ನೀರಿನ ಸಹಜ ಕ್ಷಾರದಿಂದಲೇ ಹೊಗೆ ತೊಳೆಯುವ ಬೇರೆ ಪದ್ಧತಿಯೂ ಇದೆ. ಮುಂಬೈಯ ಟ್ರಾಂಬೆಯಲ್ಲಿ 1980ರ ದಶಕದಿಂದ ಅದು ನಡೆದಿದೆ. ಅದರಲ್ಲಿ ಸುಣ್ಣದಕಲ್ಲೂ ಬೇಡ, ಜಿಪ್ಸಮ್ಮೂ ಇಲ್ಲ. ಆದರೆ ಹುಳಿಯಾದ ಬೆಚ್ಚನೆಯ ನೀರಿಗೆ ಗಾಳಿ ಊದಿ ಹದಕ್ಕೆ ತಂದು ಕಡಲಿಗೆ ಬಿಡಬೇಕು. ತೆರೆದ ಕಡಲಿನಲ್ಲಿ ಅದು ಹೊಂದಿಕೊಳ್ಳುತ್ತದೆ. ಅಘನಾಶಿನಿಯ ಅಳಿವೆಯಂಥ ಆಳವಿಲ್ಲದ ನೀರಿನಲ್ಲಿ, ಕ್ಯಾಲ್ಸಿಯಂ ಕಾರ್ಬೋನೇಟಿನಿಂದಲೇ ಚಿಪ್ಪು ಕಟ್ಟಿಕೊಳ್ಳುವ ಬಳಚಿನಂಥ ಜೀವಿಗಳನ್ನು ಹೆಕ್ಕಿ ಸಾವಿರಾರು ಜನ ಬದುಕುವ ಕಡೆ, ಆ ಲೆಕ್ಕ ಬೇರೆಯೇ ಆಗುತ್ತದೆ.

ಗಂಧಕ ಹಿಡಿದರೂ ಸ್ಥಾವರದ ಉಳಿದ ಹೊರೆ ಹಾಗೇ ಇರುತ್ತದೆ. ಉಡುಪಿಯ ಸ್ಥಾವರದಿಂದ ಸುತ್ತಲಿನ ಹಳ್ಳಿಗಳಲ್ಲಿ ಆದ ಪರಿಸರ ಹಾನಿಗೆ ಸುಮಾರು 52 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶಿಸಿತು. ಸ್ಕ್ರಬ್ಬರ್ ಎಂಬುದು ಗಂಧಕಕ್ಕೆ ಮಾತ್ರ ಉತ್ತರ.

ನಿಯಮ ಸಡಿಲಿದ ಮೇಲೆ

2015ರ ನಿಯಮಕ್ಕೆ ಗಡುವಿನ ಮೇಲೆ ಗಡುವು ಸಿಕ್ಕಿತು. ಕೊನೆಗೆ 2025ರ ಜುಲೈ 11ರ ಅಧಿಸೂಚನೆ, ದೆಹಲಿ ರಾಜಧಾನಿ ವಲಯ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ 10 ಕಿ.ಮೀ. ಒಳಗಿನ ಸ್ಥಾವರಗಳಿಗೆ ಮಾತ್ರ ಗಂಧಕದ ಮಿತಿಯನ್ನು ಕಡ್ಡಾಯವಾಗಿ ಉಳಿಸಿತು. ತೀವ್ರ ಮಾಲಿನ್ಯದ ಪ್ರದೇಶಗಳ ಹತ್ತಿರದವನ್ನು ಒಂದೊಂದಾಗಿ ಪರಿಶೀಲಿಸಬೇಕೆಂದಿತು. ಉಳಿದ ಸುಮಾರು ನಾಲ್ಕರಲ್ಲಿ ಮೂರು ಪಾಲು ಸ್ಥಾವರಗಳಿಗೆ ವಿನಾಯಿತಿ ಸಿಕ್ಕಿತು, ಚಿಮಣಿ ನಿಗದಿತ ಎತ್ತರ ಇರಬೇಕು ಎಂಬ ಷರತ್ತಿನ ಮೇಲೆ.

ವಿನಾಯಿತಿಯ ಪರ ಇರುವವರ ವಾದದಲ್ಲಿ ತಿರುಳಿದೆ. ದೇಶದ ಹೆಚ್ಚಿನ ಕಡೆ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ, ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸ್ಕ್ರಬ್ಬರ್ ತನ್ನ ಪಾಲಿಗೆ ವಿದ್ಯುತ್ತನ್ನು ಬಳಸುತ್ತದೆ, ಸುಣ್ಣದಕಲ್ಲಿನಿಂದ ಹೊರಡುವ ಇಂಗಾಲದ ಡೈಆಕ್ಸೈಡನ್ನೂ ಗಾಳಿಗೆ ಸೇರಿಸುತ್ತದೆ. ವಿರೋಧಿಸುವವರ ಮಾತೂ ಗಟ್ಟಿಯದೇ: ಸಲ್ಫರ್ ಡೈಆಕ್ಸೈಡ್ ಅನಿಲವಾಗಿ ಉಳಿಯದೆ ದಾರಿಯಲ್ಲಿ ಸಲ್ಫೇಟಿನ ಸೂಕ್ಷ್ಮ ಕಣವಾಗುತ್ತದೆ, ನೂರಾರು ಕಿ.ಮೀ. ದೂರದ ಶ್ವಾಸಕೋಶಕ್ಕೂ ಹೋಗುತ್ತದೆ. ಅದನ್ನು ಚಿಮಣಿಯ ಬುಡದ ಅಳತೆ ತೋರಿಸುವುದಿಲ್ಲ. ಆದರೆ ಈ ಚರ್ಚೆಯಲ್ಲಿ ಘಟ್ಟದ ಪ್ರಶ್ನೆ ಬರುವುದೇ ಇಲ್ಲ. ನಿಯಮ ಅಳೆಯುವುದು ಜನಸಂಖ್ಯೆ ಮತ್ತು ನಗರದ ದೂರವನ್ನು. ಪಡುವಣ ಗಾಳಿ, ಎದುರಿನ ಗೋಡೆ, ಸುಣ್ಣವಿಲ್ಲದ ಮಣ್ಣು ಅದರ ಅಳತೆಯಲ್ಲಿಲ್ಲ. ಜನವಸತಿ ವಿರಳವಾದ ಉತ್ತರ ಕನ್ನಡದ ಕರಾವಳಿಗೆ ಈ ಅಳತೆಗೋಲಿನಿಂದ ರಕ್ಷಣೆ ಸಿಗುವುದಿಲ್ಲ.

ಮುಂದೆ ಯಾವುದೇ ಯೋಜನೆ ಬಂದರೂ ಮಾತಾಡಲು ಆಧಾರವಾಗುವುದು ಈಗಿನ ಮಳೆಯ ದಾಖಲೆ. ಹವಾಮಾನ ಇಲಾಖೆ ಮಳೆನೀರಿನ ರಸಾಯನವನ್ನು ದಶಕಗಳಿಂದ ಅಳೆಯುತ್ತಿರುವ ಹತ್ತು ಕೇಂದ್ರಗಳಲ್ಲಿ ಪುಣೆ, ಕೊಡೈಕನಾಲ್, ಮಿನಿಕಾಯ್ ಇವೆ, ಕರ್ನಾಟಕದ್ದು ಒಂದೂ ಇಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದಂಥ ಸಂಸ್ಥೆಗೆ ಈ ಕೆಲಸ ಅಸಾಧ್ಯವೇನಲ್ಲ, ಆದರೆ ಕ್ರಮ ತಪ್ಪಬಾರದು. ಪಾತ್ರೆ ಸ್ವಚ್ಛ ಪ್ಲಾಸ್ಟಿಕ್ಕಿನದಾಗಿರಬೇಕು, ಮಳೆ ಬರುವಾಗ ಮಾತ್ರ ತೆರೆಯಬೇಕು. ಇಲ್ಲದಿದ್ದರೆ ಎಲೆ, ಧೂಳು, ಹಕ್ಕಿಯ ಹಿಕ್ಕೆ ಸೇರಿ ಅಂಕಿ ಕೆಡುತ್ತದೆ. ಮಳೆನೀರಿನಲ್ಲಿ ಲವಣ ತೀರಾ ಕಡಿಮೆ ಇರುವುದರಿಂದ ಪಿಎಚ್ ಕಾಗದ ಅಲ್ಲಿ ನಂಬಿಕೆಗೆ ಅರ್ಹವಲ್ಲ. ಅಂಥ ನೀರಿಗೆಂದೇ ಇರುವ ಎಲೆಕ್ಟ್ರೋಡಿನಿಂದ ಅದೇ ದಿನ ಅಳೆಯಬೇಕು. ಸಲ್ಫೇಟ್ ಅಳೆದ ಮೇಲೆ ಇನ್ನೊಂದು ಹೆಜ್ಜೆ ಬಾಕಿ. ಘಟ್ಟದ ಮಳೆಯಲ್ಲಿ ಕಡಲಿನ ಉಪ್ಪೂ ಇರುತ್ತದೆ, ಅದರಲ್ಲೂ ಸಲ್ಫೇಟ್ ಇದೆ. ಸಮುದ್ರದ ನೀರಿನಲ್ಲಿ ಪ್ರತಿ ಒಂದು ಗ್ರಾಂ ಸೋಡಿಯಂಗೆ ಕಾಲು ಗ್ರಾಂ ಸಲ್ಫೇಟ್ ಇರುತ್ತದೆ. ಹಾಗಾಗಿ ಮಳೆಯ ಸೋಡಿಯಂ ಅಳೆದು, ಅದರ ಕಾಲುಭಾಗದಷ್ಟನ್ನು ಒಟ್ಟು ಸಲ್ಫೇಟಿನಿಂದ ಕಳೆದರೆ ಉಳಿಯುವುದು ಕಡಲಿನದಲ್ಲದ ಪಾಲು. ಹೊಗೆಯ ಗುರುತು ಸಿಗುವುದು ಆ ಉಳಿಕೆಯಲ್ಲಿ. ಕೆಲವು ಮಳೆಗಾಲಗಳ ಅಂಥ ಅಂಕಿ ಈಗಲೇ ಕೈಯಲ್ಲಿದ್ದರೆ, ಮುಂದೊಂದು ದಿನ ಕರಾವಳಿಯಲ್ಲಿ ಚಿಮಣಿ ಎದ್ದಾಗ ಮಳೆ ಬದಲಾಯಿತೋ ಇಲ್ಲವೋ ಎಂಬುದನ್ನು ಊಹೆಯಿಂದಲ್ಲ, ಅಳತೆಯಿಂದ ಹೇಳಬಹುದು.